ಹಬ್ಬದ ಆಫರ್ ಕೆಳಗಿನ ಷರತ್ತು: ಗ್ರಾಹಕರು ಓದುವಂತೆ, ನಂಬುವಂತೆ ಬರೆಯುವುದು ಹೇಗೆ?

ಹಬ್ಬ ಹತ್ತಿರವಾದಾಗಲೆಲ್ಲ ಅಂಗಡಿ ನಡೆಸುವವರು, ಆನ್‌ಲೈನ್‌ನಲ್ಲಿ ಮಾರುವವರು ಒಂದೇ ಪ್ರಶ್ನೆ ಕೇಳುತ್ತಾರೆ: "ಆಫರ್ ಏನೋ ಗಟ್ಟಿಯಾಯಿತು, ಕೆಳಗೆ ಷರತ್ತು ಅಂತ ಏನು ಬರೆಯಲಿ?" ಕೆಲವರು ಯಾವುದೋ ದೊಡ್ಡ ಕಂಪನಿಯ ಜಾಹೀರಾತಿನಿಂದ ಹತ್ತು ಸಾಲು ಎತ್ತಿ ಹಾಕಿಬಿಡುತ್ತಾರೆ. ಇನ್ನು ಕೆಲವರು "ಷರತ್ತುಗಳು ಅನ್ವಯಿಸುತ್ತವೆ" ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಾರೆ. ಎರಡರಿಂದಲೂ ಗ್ರಾಹಕರಿಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ಬಿಲ್ ಕೌಂಟರ್‌ನಲ್ಲಿ, ಅದೂ ಜಗಳದ ಮೂಲಕ.

ಎಲ್ಲ ಬಗೆಯ ಆಫರ್‌ಗಳನ್ನೂ ಹಿಡಿಯಲು ಹೋದರೆ ಯಾವುದೂ ಪೂರ್ತಿಯಾಗುವುದಿಲ್ಲ. ಅದಕ್ಕೇ ಇಲ್ಲಿ ಒಂದೇ ಆಫರ್ ತೆಗೆದುಕೊಂಡು ಕೊನೆಯವರೆಗೆ ನಡೆಸಿಕೊಂಡು ಹೋಗುತ್ತೇನೆ: ಬಟ್ಟೆ ಅಂಗಡಿಯೊಂದರ "ಎರಡು ಕೊಂಡರೆ ಒಂದು ಉಚಿತ". ನೋಡಲು ಸರಳವಾಗಿರುವ ಈ ಆಫರ್‌ನಲ್ಲಿ ಅಡಗಿರುವಷ್ಟು ಗೊಂದಲ ನೇರವಾದ ಶೇಕಡಾ ರಿಯಾಯಿತಿಯಲ್ಲಿ ಇರುವುದಿಲ್ಲ.

ಶುರು ಮಾಡುವ ಮೊದಲು ಮೂರು ಸಂಗತಿ ಕೈಯಲ್ಲಿರಲಿ. ಆಫರ್‌ಗೆ ಸೇರುವ ಸರಕಿನ ಪಟ್ಟಿ, ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಈ ಆಫರ್ ಅನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬ ಮಾಹಿತಿ, ಮತ್ತು ಸರಕು ವಾಪಸ್ ಪಡೆಯುವ ಬಗ್ಗೆ ನಿಮ್ಮ ಮಾಮೂಲಿ ನಿಯಮ. ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಬೋರ್ಡ್ ಒಂದು ಹೇಳಿ, ಬಿಲ್ ಇನ್ನೊಂದು ಹೇಳಿದರೆ ಎಷ್ಟು ಚೆಂದದ ಕನ್ನಡದಲ್ಲಿ ಬರೆದರೂ ಆ ಷರತ್ತಿಗೆ ಬೆಲೆಯಿಲ್ಲ.

1. ಮೊದಲು ಪ್ರಶ್ನೆ ಬರೆಯಿರಿ, ಷರತ್ತು ಆಮೇಲೆ

ಕೌಂಟರ್‌ನಲ್ಲಿ ನಿಲ್ಲುವ ಹುಡುಗರನ್ನು ಕರೆದು, ಕಳೆದ ಹಬ್ಬದಲ್ಲಿ ಗ್ರಾಹಕರು ಏನೇನು ಕೇಳಿದರು ಎಂದು ವಿಚಾರಿಸಿ. ಹೊಸ ಅಂಗಡಿಯಾದರೆ ನೀವೇ ಗ್ರಾಹಕರ ಜಾಗದಲ್ಲಿ ನಿಂತು ಯೋಚಿಸಿ. ನಮ್ಮ ಆಫರ್‌ಗೆ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವು: ಎಲ್ಲ ಬಟ್ಟೆಗೂ ಇದೆಯಾ? ಯಾವತ್ತಿನವರೆಗೆ? ಉಚಿತ ಬರುವುದು ಯಾವುದು, ನಾನು ಆರಿಸಿದ್ದಾ, ನೀವು ಕೊಟ್ಟಿದ್ದಾ? ಆರು ತಗೊಂಡರೆ ಎರಡು ಉಚಿತವಾ? ಕೂಪನ್ ಇದೆ, ಅದೂ ನಡೆಯುತ್ತಾ? ಸೈಜ್ ಆಗದಿದ್ದರೆ ಏನು ಮಾಡಲಿ?

ನಿಮ್ಮ ಷರತ್ತಿನ ಪಟ್ಟಿ ಅಂದರೆ ಈ ಪ್ರಶ್ನೆಗಳಿಗೆ ಉತ್ತರ, ಗ್ರಾಹಕರು ಕೇಳುವ ಇದೇ ಕ್ರಮದಲ್ಲಿ. ಯಾವ ಪ್ರಶ್ನೆಗೂ ಉತ್ತರವಾಗದ ಸಾಲು ಬೇಕಿಲ್ಲ. "ಅಂಗಡಿಯ ತೀರ್ಮಾನವೇ ಅಂತಿಮ" ಎಂಬ ಸಾಲನ್ನೇ ನೋಡಿ. ಯಾವ ಗ್ರಾಹಕರೂ ಅದನ್ನು ಕೇಳಿರುವುದಿಲ್ಲ. ಓದಿದವರಿಗೆ ಅದರಿಂದ ತಿಳಿಯುವುದು ಒಂದೇ: ಇಲ್ಲಿ ಏನೋ ತಕರಾರು ಆಗುತ್ತದೆ, ಆದಾಗ ನಮ್ಮ ಮಾತು ನಡೆಯುವುದಿಲ್ಲ.

2. ಮೇಲೆ ಇರಬೇಕಾದದ್ದನ್ನು ಕೆಳಗೆ ಇಳಿಸಬೇಡಿ

ಈ ಹಂತದಲ್ಲಿ ತಪ್ಪಿದರೆ ಮುಂದಿನ ಯಾವ ಹಂತವೂ ಅದನ್ನು ಸರಿಪಡಿಸಲಾರದು. ಪ್ರತಿ ಷರತ್ತಿನ ಮುಂದೆಯೂ ಹೀಗೆ ಕೇಳಿಕೊಳ್ಳಿ: ಇದು ಮೊದಲೇ ಗೊತ್ತಿದ್ದರೆ ಗ್ರಾಹಕರು ಅಂಗಡಿಗೆ ಬರುತ್ತಿದ್ದರೇ? ಬರುತ್ತಿರಲಿಲ್ಲ ಎನ್ನುವುದಾದರೆ ಆ ಮಾತಿನ ಜಾಗ ದೊಡ್ಡಕ್ಷರದ ಸಾಲಿನಲ್ಲಿ, ಕೆಳಗಲ್ಲ.

ನಮ್ಮ ಆಫರ್‌ನಲ್ಲಿ ಅಂಥವು ಎರಡಿವೆ. ಆಫರ್ ಇರುವುದು ಅಂಗಿ ಮತ್ತು ಪ್ಯಾಂಟ್‌ಗೆ ಮಾತ್ರ. ಉಚಿತ ಸಿಗುವುದು ಕಡಿಮೆ ಬೆಲೆಯದು. ಹಾಗಾಗಿ ದೊಡ್ಡ ಸಾಲು "ಎರಡು ಕೊಂಡರೆ ಒಂದು ಉಚಿತ*" ಎಂದಿರದೆ ಹೀಗಿರಬೇಕು:

> ಅಂಗಿ, ಪ್ಯಾಂಟ್: ಮೂರು ಆರಿಸಿ, ಎರಡಕ್ಕೆ ಹಣ ಕೊಡಿ. ಕಡಿಮೆ ಬೆಲೆಯದು ಉಚಿತ.

ಅಬ್ಬರ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ನಕ್ಷತ್ರ ಚಿಹ್ನೆಯ ಅಗತ್ಯವೂ ಹೋಯಿತು. ಮಕ್ಕಳ ಉಡುಪಿಗೆ ಬಂದವರು ಬಾಗಿಲಲ್ಲೇ ತಿಳಿದುಕೊಳ್ಳುತ್ತಾರೆ, ಒಳಗೆ ಬಂದು ಆರಿಸಿ, ಕೌಂಟರ್‌ವರೆಗೆ ಹೊತ್ತು ತಂದು ಬೇಸರಪಡುವುದಿಲ್ಲ.

ಇದು ಬರೀ ಸೌಜನ್ಯದ ಮಾತಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1971ರಲ್ಲೇ "ಉಚಿತ" ಎನ್ನುವ ಆಫರ್‌ಗಳಿಗಾಗಿ ಮಾರ್ಗಸೂಚಿ ತಂದಿತು. ಷರತ್ತುಗಳನ್ನು ಆಫರ್‌ನ ಪಕ್ಕದಲ್ಲೇ, ಶುರುವಿನಲ್ಲೇ ಹೇಳಬೇಕು. ನಕ್ಷತ್ರ ಹಾಕಿ ಅಡಿಟಿಪ್ಪಣಿಯಲ್ಲಿ ಬರೆದರೆ ಹೇಳಿದಂತಾಗುವುದಿಲ್ಲ ಎಂದು ಅದರಲ್ಲಿದೆ. ಯುರೋಪಿನಲ್ಲಿ 1993ರ ನಿರ್ದೇಶನದ ಪ್ರಕಾರ ಗ್ರಾಹಕರ ಮುಂದಿಡುವ ಲಿಖಿತ ಷರತ್ತು ಸರಳವಾಗಿ, ಅರ್ಥವಾಗುವಂತೆ ಇರಬೇಕು, ಎರಡರ್ಥ ಬಂದರೆ ಗ್ರಾಹಕರಿಗೆ ಅನುಕೂಲವಾದ ಅರ್ಥವೇ ಗೆಲ್ಲುತ್ತದೆ. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದೇ ದಾರಿಯದು: ಕೆಳಗಿನ ಸಾಲು ಮೇಲಿನ ಮಾತನ್ನು ವಿವರಿಸಬಹುದು, ಅದಕ್ಕೆ ವಿರುದ್ಧವಾಗಿ ಹೇಳುವಂತಿಲ್ಲ, ಆಫರ್ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕರೆದು ಇಂಗ್ಲಿಷ್‌ನಲ್ಲಿ ಷರತ್ತು ಹಾಕುವವರು ಇದನ್ನು ಗಮನಿಸಬೇಕು.

ಇನ್ನೊಂದು ಎಚ್ಚರಿಕೆ. ಆಫರ್‌ಗೆ ಮುಂಚೆ ಬೆಲೆ ಏರಿಸಿ ಆಮೇಲೆ ಒಂದು ಉಚಿತ ಎಂದರೆ ಅದು ಉಚಿತವಲ್ಲ. ಅದನ್ನು ಯಾವ ಷರತ್ತಿನ ಸಾಲೂ ಮುಚ್ಚಲಾರದು.

3. ಒಂದು ಸಾಲಿಗೆ ಒಂದೇ ಮಾತು

ಈಗ ಕೆಳಗಿನ ಸಾಲುಗಳು. ಸಾಮಾನ್ಯವಾಗಿ ಕಾಣುವ ಒಂದು ಸಾಲು ಇದು: "ಸದರಿ ಕೊಡುಗೆಯು ಆಯ್ದ ಉತ್ಪನ್ನಗಳ ಮೇಲೆ ಸೀಮಿತ ಅವಧಿಗೆ ಮಾತ್ರ ಅನ್ವಯವಾಗತಕ್ಕದ್ದು ಹಾಗೂ ಇತರೆ ಯಾವುದೇ ಕೊಡುಗೆಯೊಂದಿಗೆ ಸಂಯೋಜಿಸಲು ಅವಕಾಶವಿರುವುದಿಲ್ಲ."

ಇದರಲ್ಲಿ ಮೂರು ಮಾತು ಒಟ್ಟಿಗೆ ಸಿಕ್ಕಿಕೊಂಡಿವೆ, ಮೂರೂ ಅರ್ಧಂಬರ್ಧ. ಆಯ್ದ ಉತ್ಪನ್ನ ಅಂದರೆ ಯಾವುವು? ಸೀಮಿತ ಅವಧಿ ಅಂದರೆ ಎಲ್ಲಿಯವರೆಗೆ? ಬಿಡಿಸಿ ಬರೆದರೆ ಹೀಗಾಗುತ್ತದೆ:

> ಹಳದಿ ಚೀಟಿ ಇರುವ ಅಂಗಿ, ಪ್ಯಾಂಟ್‌ಗಳಿಗೆ ಮಾತ್ರ ಈ ಆಫರ್.
>
> ಅಕ್ಟೋಬರ್ 10ರ ಬೆಳಗ್ಗೆ 10 ಗಂಟೆಯಿಂದ ಅಕ್ಟೋಬರ್ 20ರ ರಾತ್ರಿ 9 ಗಂಟೆವರೆಗೆ.
>
> ಈ ಆಫರ್ ತೆಗೆದುಕೊಂಡ ಬಿಲ್‌ಗೆ ಕೂಪನ್ ನಡೆಯುವುದಿಲ್ಲ. ಎರಡರಲ್ಲಿ ನಿಮಗೆ ಲಾಭವಾಗುವುದನ್ನು ಆರಿಸಿಕೊಳ್ಳಿ.

ಮೊದಲ ಸಾಲಿನ ಹಳದಿ ಚೀಟಿಯನ್ನು ಗಮನಿಸಿ. "ಆಯ್ದ" ಎನ್ನುವ ಕಡೆಯಲ್ಲೆಲ್ಲ ಗ್ರಾಹಕರು ಕಣ್ಣಿನಿಂದ ಗುರುತು ಹಿಡಿಯುವ ಏನಾದರೂ ಕೊಡಿ. ಆನ್‌ಲೈನ್ ಆದರೆ ಪ್ರತಿ ಸರಕಿನ ಚಿತ್ರದ ಮೇಲೇ ಆಫರ್ ಗುರುತು ಇರಲಿ. ದಿನಾಂಕದಲ್ಲಿ "ಹಬ್ಬದವರೆಗೆ" ಎಂದು ಬರೆಯಬೇಡಿ, ಹಬ್ಬದ ದಿನ ಸೇರಿದೆಯೋ ಇಲ್ಲವೋ ಎಂಬ ವಾದ ಗ್ಯಾರಂಟಿ. ಆನ್‌ಲೈನ್‌ನಲ್ಲಿ ಇನ್ನೊಂದು ತೊಡಕಿದೆ: ಒಂಬತ್ತಕ್ಕೆ ಐದು ನಿಮಿಷ ಇರುವಾಗ ಕಾರ್ಟ್‌ಗೆ ಹಾಕಿ, ಒಂಬತ್ತು ದಾಟಿದ ಮೇಲೆ ಹಣ ಕಟ್ಟಿದವರ ಗತಿ ಏನು? "ಹಣ ಕಟ್ಟಿದ ಸಮಯವೇ ಲೆಕ್ಕಕ್ಕೆ" ಎಂದು ಸೇರಿಸಿದರೆ ಮುಗಿಯಿತು.

4. ಉಚಿತ ಬರುವುದು ಯಾವುದು? ಲೆಕ್ಕ ಹಾಕಿ ತೋರಿಸಿ

"ಕಡಿಮೆ ಬೆಲೆಯದು ಉಚಿತ" ಎಂಬುದು ಮೂರು ಉಡುಪಿಗೆ ಸರಿ. ಆರು ಉಡುಪು ಬಂದ ತಕ್ಷಣ ಅದಕ್ಕೆ ಎರಡರ್ಥ ಬರುತ್ತದೆ.

ಗ್ರಾಹಕರೊಬ್ಬರು 1200, 1100, 1000, 500, 400, 300 ಬೆಲೆಯ ಆರು ಉಡುಪು ತಂದರು ಎಂದುಕೊಳ್ಳಿ. ಆರರಲ್ಲಿ ಕಡಿಮೆ ಬೆಲೆಯ ಎರಡು ಉಚಿತ ಎಂದು ಲೆಕ್ಕ ಹಾಕಿದರೆ ಕಳೆಯುವುದು 400 ಮತ್ತು 300, ಒಟ್ಟು 700. ಆದರೆ ಮೊದಲ ಮೂರು ದುಬಾರಿ ಉಡುಪು ಒಂದು ಗುಂಪು, ಉಳಿದ ಮೂರು ಇನ್ನೊಂದು ಗುಂಪು ಎಂದುಕೊಂಡರೆ ಕಳೆಯುವುದು 1000 ಮತ್ತು 300, ಒಟ್ಟು 1300. ಒಂದೇ ಬುಟ್ಟಿ, ಒಂದೇ ಆಫರ್, 600ರ ವ್ಯತ್ಯಾಸ.

ಗ್ರಾಹಕರು ಇದನ್ನು ಕಂಡುಹಿಡಿಯುವುದು ಹೇಗೆ ಗೊತ್ತೇ? ಪಕ್ಕದವರು ಎರಡು ಬಿಲ್ ಮಾಡಿಸಿಕೊಂಡು ಹೆಚ್ಚು ಉಳಿಸಿದ್ದನ್ನು ನೋಡಿ. ಆಗ ತಮಗೆ ಮೋಸವಾಯಿತು ಎಂದೇ ಅನಿಸುತ್ತದೆ, ನೀವು ಬೇಕೆಂದು ಮಾಡಿರದಿದ್ದರೂ. ಆದ್ದರಿಂದ ನಿಮ್ಮ ಸಾಫ್ಟ್‌ವೇರ್ ಯಾವ ಲೆಕ್ಕ ಹಾಕುತ್ತದೆ ಎಂದು ಇದೇ ಆರು ಅಂಕಿಗಳ ಒಂದು ಪರೀಕ್ಷಾ ಬಿಲ್ ಮಾಡಿ ನೋಡಿ. ನನ್ನ ಸಲಹೆ ಎರಡನೆಯ ಲೆಕ್ಕದ ಕಡೆಗೆ. ಎರಡು ಬಿಲ್ ಮಾಡಿಸಿಕೊಂಡವರಿಗೆ ಹೇಗೂ ಸಿಗುವುದನ್ನು ಕೇಳದವರಿಗೂ ಕೊಡುವುದೇ ನ್ಯಾಯ. ಆ ಮೊತ್ತ ನಿಮಗೆ ಹೊರೆಯಾಗುವುದಾದರೆ ಮೊದಲನೆಯದನ್ನೇ ಇಟ್ಟುಕೊಳ್ಳಿ, ಆದರೆ ಒಬ್ಬರಿಗೆ ಎಷ್ಟು ಬಿಲ್ ಎಂಬುದನ್ನೂ ಬರೆದು ಹೇಳಿ.

ಎರಡನೆಯ ಲೆಕ್ಕಕ್ಕೆ ಸಾಲು ಹೀಗೆ:

> ಪ್ರತಿ ಮೂರು ಉಡುಪಿಗೆ ಒಂದು ಉಚಿತ. ಬೆಲೆ ಹೆಚ್ಚಿರುವುದರಿಂದ ಶುರುಮಾಡಿ ಮೂರು ಮೂರಾಗಿ ಜೋಡಿಸುತ್ತೇವೆ. ಪ್ರತಿ ಗುಂಪಿನಲ್ಲಿ ಕಡಿಮೆ ಬೆಲೆಯದು ಉಚಿತ. ನಾಲ್ಕು ಅಥವಾ ಐದು ಕೊಂಡರೆ ಒಂದೇ ಉಚಿತ.

5. ವಾಪಸ್ ಕೊಟ್ಟರೆ ಎಷ್ಟು ಹಣ? ಎಲ್ಲಕ್ಕಿಂತ ಮುಖ್ಯವಾದ ಸಾಲು

ಆಫರ್‌ನ ಕೆಳಗೆ ಈ ಸಾಲೇ ಇರುವುದಿಲ್ಲ, ಅಥವಾ "ಆಫರ್ ಸರಕು ವಾಪಸ್ ಇಲ್ಲ" ಎಂದು ಒಂದೇ ಏಟಿಗೆ ಬಾಗಿಲು ಹಾಕಿರುತ್ತದೆ. ಹಬ್ಬಕ್ಕೆ ಬೇರೆಯವರಿಗಾಗಿ ಕೊಳ್ಳುವವರೇ ಹೆಚ್ಚು, ಸೈಜ್ ತಪ್ಪುವುದು ಸಹಜ. ವಾಪಸ್ ಇಲ್ಲ ಎಂದರೆ ಅವರು ಮೂರರ ಬದಲು ಒಂದನ್ನೇ ಕೊಂಡು ಹೋಗುತ್ತಾರೆ.

ಲೆಕ್ಕ ನೋಡೋಣ. 1200, 900, 600 ಬೆಲೆಯ ಮೂರು ಉಡುಪು. 600ರದ್ದು ಉಚಿತ, ಗ್ರಾಹಕರು ಕೊಟ್ಟದ್ದು 2100. ಮೂರು ದಿನದ ನಂತರ 1200ರ ಉಡುಪನ್ನು ವಾಪಸ್ ತಂದರು. ಅವರಿಗೆ ಎಷ್ಟು ಕೊಡಬೇಕು?

ಗ್ರಾಹಕರ ಮನಸ್ಸಿನಲ್ಲಿರುವುದು 1200, ಏಕೆಂದರೆ ಚೀಟಿಯಲ್ಲಿ ಅದೇ ಇತ್ತು. ಅಷ್ಟು ಕೊಟ್ಟರೆ 1500 ಬೆಲೆಯ ಎರಡು ಉಡುಪು 900ಕ್ಕೆ ಹೋದಂತೆ. ಅಂಗಡಿಯವರ ಮನಸ್ಸಿನಲ್ಲಿರುವುದು ಬಹಳ ಸಲ ಹೀಗೆ: ಈಗ ಉಳಿದದ್ದು ಎರಡೇ, ಆದ್ದರಿಂದ ಆಫರ್ ರದ್ದು, ಎರಡರ ಬೆಲೆ 1500, ನೀವು ಕೊಟ್ಟದ್ದು 2100, ವಾಪಸ್ 600. ತರ್ಕ ತಪ್ಪಲ್ಲ. ಆದರೆ ಇದೇ ತರ್ಕದಲ್ಲಿ ಗ್ರಾಹಕರು 600ರ ಉಡುಪು ವಾಪಸ್ ತಂದರೆ ಒಂದು ಕಾಸೂ ಸಿಗುವುದಿಲ್ಲ. 1200ರ ಉಡುಪು ಕೊಟ್ಟು 600 ಪಡೆದು ಹೋಗುವವರ ಮುಖ ನೋಡಿದರೆ ಗೊತ್ತಾಗುತ್ತದೆ, ಅವರು ಮುಂದಿನ ಹಬ್ಬಕ್ಕೆ ಬರುವವರಲ್ಲ.

ಮೂರನೆಯ ದಾರಿ, ಉಳಿತಾಯವನ್ನು ಮೂರು ಉಡುಪಿಗೂ ಬೆಲೆಗೆ ತಕ್ಕಂತೆ ಹಂಚುವುದು. ಒಟ್ಟು ಬೆಲೆ 2700, ಕೊಟ್ಟದ್ದು 2100. ಪ್ರತಿ ಉಡುಪಿನ ಬೆಲೆಯನ್ನು 2100ರಿಂದ ಗುಣಿಸಿ 2700ರಿಂದ ಭಾಗಿಸಿದರೆ 933, 700, 467 ಬರುತ್ತದೆ. ಕೂಡಿದರೆ ಸರಿಯಾಗಿ 2100. ಯಾವುದನ್ನು ವಾಪಸ್ ತಂದರೂ ಅದರ ಪಾಲು ವಾಪಸ್. 1200ರ ಉಡುಪಿಗೆ 933.

ನಾನು ಇದನ್ನೇ ಶಿಫಾರಸು ಮಾಡುತ್ತೇನೆ, ಏಕೆಂದರೆ ಈ ಮೊತ್ತವನ್ನು ಕೊಳ್ಳುವ ದಿನವೇ ಬಿಲ್ ಮೇಲೆ ಮುದ್ರಿಸಬಹುದು. ವಾಪಸ್ ತರುವ ದಿನ ಲೆಕ್ಕವೂ ಇಲ್ಲ, ವಾದವೂ ಇಲ್ಲ. ಆಗ ಸಾಲು ಬಹಳ ಚಿಕ್ಕದಾಗುತ್ತದೆ:

> ಒಂದನ್ನೇ ವಾಪಸ್ ಕೊಟ್ಟರೂ ಸರಿ. ಬಿಲ್‌ನಲ್ಲಿ ಆ ಉಡುಪಿನ ಎದುರು "ನೀವು ಕೊಟ್ಟದ್ದು" ಎಂದಿರುವ ಮೊತ್ತ ವಾಪಸ್ ಸಿಗುತ್ತದೆ. 7 ದಿನದೊಳಗೆ ಬಿಲ್ ಜೊತೆ ತನ್ನಿ.

ಇದಕ್ಕೂ ಮಿತಿಗಳಿವೆ. ಎರಡನ್ನು ವಾಪಸ್ ಕೊಟ್ಟು ಒಂದನ್ನು ಇಟ್ಟುಕೊಂಡವರಿಗೆ 1200ರ ಉಡುಪು 933ಕ್ಕೆ ಸಿಕ್ಕಂತಾಗುತ್ತದೆ. ಇಂಥವರು ಹೆಚ್ಚಾದರೆ ನಷ್ಟ ನಿಮಗೆ. ಅದನ್ನು ತಡೆಯಬೇಕೆಂದರೆ "ಸೈಜ್, ಬಣ್ಣ ಬದಲಾಯಿಸಿ ಕೊಡುತ್ತೇವೆ, ಹಣ ವಾಪಸ್ ಇಲ್ಲ" ಎಂದು ಮೊದಲೇ ಹೇಳುವ ದಾರಿಯಿದೆ. ಅದನ್ನು ಆರಿಸಿಕೊಂಡರೆ ಬೋರ್ಡ್‌ನಲ್ಲೇ ಕಾಣುವಂತೆ ಹಾಕಿ, ಬಿಲ್ಲಿನ ಹಿಂಬದಿಯಲ್ಲಿ ಅಲ್ಲ. ಆನ್‌ಲೈನ್ ಮಾರಾಟಕ್ಕೆ ಕೆಲವು ದೇಶಗಳಲ್ಲಿ ವಾಪಸ್ ಕೊಡುವ ಹಕ್ಕು ಕಾನೂನಿನಲ್ಲೇ ಇದೆ, ಅಲ್ಲಿ ಈ ಸಾಲು ನಿಲ್ಲುವುದಿಲ್ಲ. ಇನ್ನೊಂದು ಗೊಂದಲ: ಉಚಿತ ಎಂದ ಉಡುಪಿನ ಎದುರು ಬಿಲ್‌ನಲ್ಲಿ 467 ಕಂಡರೆ ಗ್ರಾಹಕರು ಹೌಹಾರುತ್ತಾರೆ. ಬಿಲ್ಲಿನ ಕೊನೆಯಲ್ಲಿ "ನಿಮ್ಮ ಉಳಿತಾಯ 600, ಮೂರಕ್ಕೂ ಹಂಚಲಾಗಿದೆ" ಎಂಬ ಸಾಲು ಬರುವಂತೆ ಮಾಡಿಸಿ.

ಹರಿದ, ಬಣ್ಣ ಬಿಟ್ಟ, ದೋಷವಿರುವ ಸರಕನ್ನು ಈ ಲೆಕ್ಕದೊಳಗೆ ತರಬೇಡಿ. ಆಫರ್‌ನಲ್ಲಿ ಕೊಂಡರು ಎಂಬ ಕಾರಣಕ್ಕೆ ದೋಷದ ಹೊಣೆ ಕಡಿಮೆಯಾಗುವುದಿಲ್ಲ. "ದೋಷವಿದ್ದರೆ ಬದಲಾಯಿಸಿ ಕೊಡುತ್ತೇವೆ ಅಥವಾ ಹಣ ವಾಪಸ್" ಎಂದು ಬೇರೆಯೇ ಸಾಲು ಬರೆಯಿರಿ.

6. ಭಯ ಹುಟ್ಟಿಸುವ ಎರಡು ಸಾಲು

"ಸ್ಟಾಕ್ ಇರುವವರೆಗೆ ಮಾತ್ರ." "ಯಾವುದೇ ಮುನ್ಸೂಚನೆ ಇಲ್ಲದೆ ಆಫರ್ ಬದಲಾಯಿಸುವ ಅಥವಾ ಹಿಂಪಡೆಯುವ ಹಕ್ಕು ನಮಗಿದೆ." ಇವೆರಡೂ ಎಲ್ಲ ಕಡೆ ಇವೆ, ಎರಡರಲ್ಲೂ ಗ್ರಾಹಕರಿಗೆ ಅನಿಸುವುದು ಒಂದೇ: ನಾನು ಹೋಗುವಷ್ಟರಲ್ಲಿ ಇರುವುದಿಲ್ಲ.

ನಿಮ್ಮ ಅಗತ್ಯ ನ್ಯಾಯವಾದದ್ದೇ. ಸರಕು ನಿಜವಾಗಿಯೂ ಮುಗಿಯಬಹುದು. ಅದನ್ನು ಅಳತೆ ಕೊಟ್ಟು ಹೇಳಿ: "ಆಫರ್‌ಗೆ 900 ಉಡುಪು ಇಟ್ಟಿದ್ದೇವೆ. ಮುಗಿದ ತಕ್ಷಣ ಬೋರ್ಡ್ ತೆಗೆಯುತ್ತೇವೆ, ಆನ್‌ಲೈನ್‌ನಲ್ಲೂ ತಿಳಿಸುತ್ತೇವೆ." ಸಂಖ್ಯೆ ಹೇಳಿದ ಮೇಲೆ ಅದು ನಿಜವಿರಬೇಕು. ಇಪ್ಪತ್ತೇ ಉಡುಪು ಇಟ್ಟು ಊರೆಲ್ಲ ಕರೆಯುವುದು ಗಾಳ ಹಾಕುವ ಜಾಹೀರಾತು, ಅದಕ್ಕೆ ಹಲವು ದೇಶಗಳಲ್ಲಿ ನಿಷೇಧವೂ ಇದೆ.

ಎರಡನೆಯ ಸಾಲಿನ ಜಾಗಕ್ಕೆ ಇದನ್ನು ಹಾಕಿ:

> ಆಫರ್ ಬೇಗ ಮುಗಿಸಬೇಕಾದರೆ ಹಿಂದಿನ ದಿನವೇ ಇಲ್ಲಿ ತಿಳಿಸುತ್ತೇವೆ. ಅಷ್ಟರೊಳಗೆ ಬಿಲ್ ಆದವರಿಗೆ ಆಫರ್ ಪೂರ್ತಿ ಸಿಗುತ್ತದೆ.

ನಿಮ್ಮ ಕೈಯಲ್ಲಿ ಬದಲಾಯಿಸುವ ಅವಕಾಶ ಇನ್ನೂ ಇದೆ. ಸ್ಟಾಕ್ ಅವಧಿಗೆ ಮುಂಚೆಯೇ ಖಾಲಿಯಾಗುವ ಸಾಧ್ಯತೆ ಮೇಲಿನ ಸಾಲಿನಲ್ಲಿ ಬಂದಿರುವುದರಿಂದ ಎರಡಕ್ಕೂ ಘರ್ಷಣೆಯಿಲ್ಲ.

7. ಅಕ್ಷರದ ಗಾತ್ರ, ಜಾಗ

ಕನ್ನಡ ಅಕ್ಷರ ಚಿಕ್ಕದಾದಾಗ ಮೊದಲು ಕೆಡುವುದು ಒತ್ತಕ್ಷರ. ಸಾಲಿನ ಕೆಳಗೆ ಇಳಿಯುವ ಒತ್ತುಗಳು ಶಾಯಿ ತುಂಬಿ ಮುದ್ದೆಯಾಗುತ್ತವೆ, ಅಥವಾ ಸಾಲುಗಳ ನಡುವೆ ಜಾಗ ಸಾಲದೆ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತವೆ. ಹಬ್ಬದ ಪೋಸ್ಟರ್‌ನ ಕೆಂಪು ಹಿನ್ನೆಲೆಯ ಮೇಲೆ ತೆಳುವಾದ ಬಿಳಿ ಅಕ್ಷರ ಹಾಕಿದರೆ ಇದು ಇನ್ನೂ ಕೆಡುತ್ತದೆ. ಷರತ್ತಿನ ಭಾಗಕ್ಕೆ ತಿಳಿ ಹಿನ್ನೆಲೆ, ಕಪ್ಪು ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ ಕೊಡಿ.

ಡಿಸೈನ್ ಮಾಡುವವರು ಕಂಪ್ಯೂಟರ್ ಪರದೆಯಲ್ಲಿ ಹಿಗ್ಗಿಸಿ ತೋರಿಸುತ್ತಾರೆ. ಅದನ್ನು ನೋಡಿ ಒಪ್ಪಬೇಡಿ. ಚಿತ್ರವನ್ನು ನಿಮ್ಮ ಮೊಬೈಲ್‌ಗೆ ಕಳಿಸಿಕೊಂಡು, ಹಿಗ್ಗಿಸದೆ, ಕೈಯಳತೆಯಲ್ಲಿ ಹಿಡಿದು ಓದಿ. ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡಿಸಿ. ಜಾಗ ಸಾಲದು ಎಂದರೆ ಅಲಂಕಾರದ ದೀಪ, ಹೂವಿನ ಚಿತ್ರಗಳನ್ನು ತೆಗೆಸಿ, ಸಾಲುಗಳನ್ನಲ್ಲ. ಪೂರ್ತಿ ಷರತ್ತಿಗೆ ಕ್ಯೂಆರ್ ಕೋಡ್ ಕೊಡಬಹುದು, ಆದರೆ ಯಾವ ಬಟ್ಟೆ, ಯಾವಾಗ, ಯಾವುದು ಉಚಿತ, ವಾಪಸ್ ಹೇಗೆ ಎಂಬ ನಾಲ್ಕು ಉತ್ತರ ಪೋಸ್ಟರ್ ಮೇಲೇ ಇರಬೇಕು.

8. ಅಚ್ಚಿಗೆ ಕಳಿಸುವ ಮುಂಚೆ ಪರೀಕ್ಷೆ

"ಅರ್ಥ ಆಯ್ತಾ?" ಎಂದು ಯಾರನ್ನೂ ಕೇಳಬೇಡಿ, ಎಲ್ಲರೂ ಆಯ್ತು ಎನ್ನುತ್ತಾರೆ. ಅಂಗಡಿಯ ಕೆಲಸಕ್ಕೆ ಸಂಬಂಧವಿಲ್ಲದ ಮೂರು ನಾಲ್ಕು ಜನರ ಕೈಗೆ ಪೋಸ್ಟರ್ ಕೊಟ್ಟು ಲೆಕ್ಕ ಕೇಳಿ: 1200, 900, 600ರ ಉಡುಪು ಕೊಂಡರೆ ಎಷ್ಟು ಕೊಡುತ್ತೀರಿ? ನಾಲ್ಕನೆಯದು ತೆಗೆದುಕೊಂಡರೆ ಅದು ಉಚಿತವೇ? 20ನೇ ತಾರೀಖು ರಾತ್ರಿ ಒಂಬತ್ತೂವರೆಗೆ ಬಂದರೆ ಆಫರ್ ಸಿಗುತ್ತದೆಯೇ? ಒಬ್ಬರು ತಪ್ಪು ಉತ್ತರ ಕೊಟ್ಟರೂ ಅವರಿಗೆ ವಿವರಿಸಲು ಹೋಗಬೇಡಿ. ಯಾವ ಸಾಲು ನೋಡಿ ಹಾಗೆ ಹೇಳಿದಿರಿ ಎಂದು ಕೇಳಿ, ಆ ಸಾಲನ್ನು ತಿದ್ದಿ.

ಅದೇ ಪ್ರಶ್ನೆಗಳನ್ನು ಕೌಂಟರ್ ಸಿಬ್ಬಂದಿಗೂ ಕೊಡಿ, ಅದೇ ಅಂಕಿಗಳ ಪರೀಕ್ಷಾ ಬಿಲ್ ಮಾಡಿಸಿ, 1200ರ ಉಡುಪನ್ನು ವಾಪಸ್ ತೆಗೆದುಕೊಳ್ಳುವ ಬಿಲ್ಲನ್ನೂ ಮಾಡಿಸಿ. ಪೋಸ್ಟರ್ ಓದಿದವರು, ಕೌಂಟರ್‌ನವರು, ಸಾಫ್ಟ್‌ವೇರ್ ಮೂರೂ 2100 ಮತ್ತು 933 ಎನ್ನಬೇಕು.

ಆಫರ್ ಶುರುವಾದ ಮೇಲೆ ತಪ್ಪು ಕಂಡರೆ ಹಳೆಯ ಪೋಸ್ಟರ್ ಅನ್ನು ಸದ್ದಿಲ್ಲದೆ ಬದಲಾಯಿಸಬೇಡಿ. ಯಾವ ಸಾಲು ಬದಲಾಯಿತು, ಯಾವ ದಿನದಿಂದ ಎಂದು ಬರೆದು ಹಾಕಿ, ಅದಕ್ಕೂ ಮುಂಚೆ ಬಿಲ್ ಆದವರಿಗೆ ಹಳೆಯ ಸಾಲಿನಂತೆಯೇ ನಡೆದುಕೊಳ್ಳಿ. ಎರಡೂ ಆವೃತ್ತಿಯ ಒಂದೊಂದು ಪ್ರತಿಯನ್ನು ದಿನಾಂಕ ಬರೆದು ಕೌಂಟರ್‌ನಲ್ಲಿಡಿ, ವಾಪಸ್ ಪಡೆಯುವ ಕೊನೆಯ ದಿನ ದಾಟುವವರೆಗೆ ಅವು ಬೇಕಾಗುತ್ತವೆ.